ಪರರ ಹಾಡು, ಪರರ ಅಕ್ಷರ, ಪರರ ಚಿತ್ರ

ಯುಗಾದಿಯ ಸುಮಾರಿಗೆ ತಿಕೋಟಾದ ಸುತ್ತಣ ಶೆಡ್ಡುಗಳಲ್ಲಿ ಬಲೆಗಳ ಮೇಲೆ ಹರವಿದ ದ್ರಾಕ್ಷಿಯು ಒಣಗಿ, ತೊಟ್ಟು ಬಿಡಿಸಿಕೊಂಡು, ಬಾಕ್ಸುಗಳನ್ನು ತುಂಬಿ ಕೋಲ್ಡ್ ಸ್ಟೋರೇಜಿನ ಹಾದಿ ಹಿಡಿಯುವ ಕಾಲದಲ್ಲಿಯೇ ಅದರ ಜಾಹೀರಾತುಗಳೂ ಹೊರಡುತ್ತವೆ: ವಾಟ್ಸಾಪಿನ ಸ್ಟೇಟಸ್ಸಿನಲ್ಲಿ ಒಂದು ಪೋಸ್ಟರು, ಇನ್‌ಸ್ಟಾಗ್ರಾಮಿನಲ್ಲಿ ಅರ್ಧ ನಿಮಿಷದ ಒಂದು ರೀಲು, ಫೇಸ್‌ಬುಕ್ಕಿನಲ್ಲಿ ಹಬ್ಬದ ಶುಭಾಶಯದೊಡನೆ ಅಂಗಡಿಯ ಹೆಸರು. ಈ ಅಲ್ಪಾವಧಿಯ ವಸ್ತುವಿನಲ್ಲಿ ವರ್ತಕನ ಸ್ವಂತದ್ದೆನ್ನಬಹುದಾದುದು ಒಣದ್ರಾಕ್ಷಿಯೂ ದೂರವಾಣಿ ಸಂಖ್ಯೆಯೂ ಮಾತ್ರವೇ ಆಗಿದ್ದು, ಹಿನ್ನೆಲೆಯ ಹಾಡು ಒಬ್ಬರದು, ಅಕ್ಷರಗಳ ವಿನ್ಯಾಸ ಮತ್ತೊಬ್ಬರದು, ತೋಟದ ಚಿತ್ರ ಮೂರನೆಯವರದು ಆಗಿರುವುದು ಸಾಮಾನ್ಯ ಸಂಗತಿಯಾಗಿದೆ. ಬಬಲೇಶ್ವರದ ದಾಳಿಂಬೆ ವ್ಯಾಪಾರಿಗೂ ವಿಜಯಪುರ ನಗರದ ಸೀರೆಯಂಗಡಿಗೂ ಇದೇ ಮಾತು ಸಲ್ಲುತ್ತದೆ. ಈ ಮೂರು ಬಗೆಯ ಪರಸ್ವತ್ತನ್ನು ವ್ಯಾಪಾರದ ಪೋಸ್ಟಿನಲ್ಲಿ ಎಷ್ಟರಮಟ್ಟಿಗೆ, ಯಾವ ಆಧಾರದ ಮೇಲೆ ಉಪಯೋಗಿಸಬಹುದೆಂಬ ಪ್ರಶ್ನೆಯನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ.

ವಿಷಯದ ಮೂಲಸೂತ್ರವನ್ನು ಮೊದಲೇ ಹೇಳಿಬಿಡುವುದು ಒಳಿತು. ಅನುಮತಿಯು ದೊರೆಯುವುದು ವಸ್ತುವಿಗಲ್ಲ, ವಿನಿಯೋಗಕ್ಕೆ. ಒಂದು ಹಾಡು ತನ್ನ ಮೊಬೈಲಿನಲ್ಲಿ ಇದೆಯೆಂದಾಗಲಿ, ಒಂದು ಫಾಂಟು ಉಚಿತವಾಗಿ ಇಳಿಯಿತೆಂದಾಗಲಿ, ಒಂದು ಚಿತ್ರಕ್ಕೆ ಹಣ ಕೊಟ್ಟಾಯಿತೆಂದಾಗಲಿ ಅದನ್ನು ಎಲ್ಲ ಬಗೆಯಿಂದಲೂ ಬಳಸುವ ಅಧಿಕಾರ ಬಾರದು. ಯಾವ ಬಳಕೆಗೆ ಒಪ್ಪಿಗೆ ದೊರೆತಿದೆಯೋ ಅಷ್ಟಕ್ಕೆ ಮಾತ್ರವೇ ಅಧಿಕಾರ. ನಮ್ಮಲ್ಲಿ ಉಂಟಾಗುವ ತೊಡಕುಗಳಲ್ಲಿ ಹೆಚ್ಚಿನವು ಕದಿಯುವ ಬುದ್ಧಿಯಿಂದಲ್ಲ, ಖಾಸಗಿ ಬಳಕೆಗೆ ದೊರೆತ ಒಪ್ಪಿಗೆಯನ್ನು ವ್ಯಾಪಾರಕ್ಕೂ ದೊರೆತದ್ದೆಂದು ಭಾವಿಸುವುದರಿಂದ ಹುಟ್ಟಿದವು.

ಭಾರತದ ಕೃತಿಸ್ವಾಮ್ಯ ಅಧಿನಿಯಮವು 1957ರದು. 1958ರ ಜನವರಿಯಿಂದ ಜಾರಿಯಲ್ಲಿದ್ದು, 2012ರಲ್ಲಿ ಗಣನೀಯವಾಗಿ ತಿದ್ದುಪಡಿಗೊಂಡಿದೆ. ಅದರ ಪ್ರಕಾರ ಕೃತಿಯು ರಚಿತವಾದೊಡನೆಯೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ವೃತ್ತದೊಳಗಿನ ಸಿ ಅಕ್ಷರವನ್ನು ಮುದ್ರಿಸಿರಬೇಕೆಂಬ ನಿಯಮವೂ ಇಲ್ಲ. ಸಾಹಿತ್ಯ, ಸಂಗೀತ, ಚಿತ್ರ, ಛಾಯಾಚಿತ್ರಗಳ ಹಕ್ಕು ಕರ್ತೃವಿನ ಜೀವಿತಾವಧಿಯಲ್ಲಿಯೂ, ಆತನು ಗತಿಸಿದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೂ ಉಳಿಯುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ.

ಈ ಗಣಿತವನ್ನು ವಿಜಯಪುರದ ಸಾಹಿತ್ಯಸಂಪತ್ತಿಗೇ ಅನ್ವಯಿಸಿ ನೋಡಬಹುದು. ಈ ನಗರದಲ್ಲಿ ನೆಲೆಸಿ ವಚನಗಳನ್ನು ಸಂಪಾದಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರು 1964ರಲ್ಲಿ ಗತಿಸಿದರು. ಆದುದರಿಂದ ಅವರು ಸ್ವತಃ ಬರೆದ ಪೀಠಿಕೆ ವಿವರಣೆಗಳ ಮೇಲಣ ಹಕ್ಕು 2024ರ ಡಿಸೆಂಬರ್ 31ಕ್ಕೆ ಮುಗಿದು, 2025ರ ಆರಂಭದಿಂದ ಅವು ಸಾರ್ವಜನಿಕ ಸ್ವತ್ತಾಗಿವೆ. ಹಲಸಂಗಿಯ ಮಧುರಚೆನ್ನರು 1953ರಲ್ಲಿ ತೀರಿಕೊಂಡವರಾದ ಕಾರಣ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳು 2014ರಿಂದಲೇ ಮುಕ್ತವಾಗಿವೆ. ಆದರೆ ಹಲಸಂಗಿಯ ಗೆಳೆಯರಿಗೆ ಆಪ್ತರಾಗಿದ್ದ ಬೇಂದ್ರೆಯವರು ಗತಿಸಿದ್ದು 1981ರಲ್ಲಿ. ಅವರ ಸಾಲುಗಳನ್ನು ಯುಗಾದಿಯ ಪೋಸ್ಟರಿನ ಮೇಲೆ ಅಚ್ಚು ಹಾಕಿ ಕೆಳಗೆ ಅಂಗಡಿಯ ಹೆಸರು ಬರೆಯುವವನು 2041ರ ಕೊನೆಯವರೆಗೂ ಹಕ್ಕುದಾರರ ಒಪ್ಪಿಗೆಗೆ ಬದ್ಧನು. ಹಬ್ಬದ ದಿನ ಎಲ್ಲರೂ ಹಾಗೆಯೇ ಮಾಡುತ್ತಾರೆಂಬುದು ರೂಢಿಯನ್ನು ಹೇಳುತ್ತದೆಯೇ ವಿನಾ ಹಕ್ಕನ್ನಲ್ಲ.

ಇನ್ನು ಹಾಡಿನ ವಿಚಾರ. ಕೇಳುವವನಿಗೆ ಒಂದೇ ಆಗಿ ತೋರುವ ಹಾಡಿನಲ್ಲಿ ಕಾನೂನು ಸಾಹಿತ್ಯ, ಸಂಗೀತ, ಧ್ವನಿಮುದ್ರಣವೆಂಬ ಮೂರು ಕೃತಿಗಳನ್ನು ಕಾಣುತ್ತದೆ. ಹಾಡಿದವನಿಗೆ ಪ್ರದರ್ಶಕನ ಹಕ್ಕೊಂದು ಬೇರೆ ಉಂಟು. ಬಸವನ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ವಚನವೊಂದನ್ನು ಗಾಯಕನೊಬ್ಬನು ಹಾಡಿರುವ ಕ್ಯಾಸೆಟ್ಟನ್ನು ತೆಗೆದುಕೊಂಡರೆ, ಹನ್ನೆರಡನೆಯ ಶತಮಾನದ ಆ ಮಾತುಗಳಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಅದಕ್ಕೆ ರಾಗ ಕೂಡಿಸಿದ ಸಂಯೋಜಕನ ಹಕ್ಕು ಜೀವಂತವಾಗಿರಬಹುದು, ಮುದ್ರಿಸಿದ ಕಂಪನಿಯ ಹಕ್ಕೂ ಜೀವಂತವಾಗಿರಬಹುದು. ಹಲಸಂಗಿಯವರು ಸಂಗ್ರಹಿಸಿದ ಗರತಿಯ ಹಾಡುಗಳಂಥ ಜಾನಪದಕ್ಕೂ ಇದೇ ನ್ಯಾಯ. ತ್ರಿಪದಿಯ ಮಾತು ಎಲ್ಲರದು, ಸ್ಟುಡಿಯೋದ ಮುದ್ರಣ ಎಲ್ಲರದಲ್ಲ. ‘ಹಳೆಯ ಹಾಡು, ಯಾರದೂ ಅಲ್ಲ’ ಎಂಬ ಮಾತನ್ನು ಮೂರು ಪದರಗಳಿಗೂ ಪ್ರತ್ಯೇಕವಾಗಿ ಒರೆಗೆ ಹಚ್ಚಿ ನೋಡಿದ ಹೊರತು ನಂಬಕೂಡದು.

ಈ ಸೀಮೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಮತ್ತೊಂದು ಸಂಗತಿಯುಂಟು. ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು 2023ರ ಜನವರಿಯಲ್ಲಿ ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನದ ತುಣುಕುಗಳು ಭಕ್ತರ ಮೊಬೈಲುಗಳಲ್ಲಿ ಸದಾ ಸಂಚರಿಸುತ್ತಿರುತ್ತವೆ. ಸಾರ್ವಜನಿಕ ಭಾಷಣದ ಪ್ರಥಮ ಸ್ವಾಮ್ಯವು ಭಾಷಣ ಮಾಡಿದವರಿಗೇ ಸೇರುತ್ತದೆಂದು ಅಧಿನಿಯಮದ 17ನೆಯ ಕಲಮು ಹೇಳುತ್ತದೆ. ಮುದ್ರಿಸಿದವರ ಹಕ್ಕು ಅದರ ಮೇಲೆ ಬೇರೆಯಾಗಿ ನಿಲ್ಲುತ್ತದೆ. ಭಕ್ತನೊಬ್ಬನು ಅದನ್ನು ಮನೆಯಲ್ಲಿ ಕೇಳುವುದಕ್ಕೂ, ವರ್ತಕನೊಬ್ಬನು ಅದೇ ಧ್ವನಿಯನ್ನು ಸರಕಿನ ಜಾಹೀರಾತಿನ ಹಿನ್ನೆಲೆಗೆ ಹಚ್ಚುವುದಕ್ಕೂ ಕಾನೂನಿನಲ್ಲಿ ಅಂತರವಿದೆ. ಔಚಿತ್ಯದಲ್ಲಿಯಂತೂ ಇದ್ದೇ ಇದೆ.

ಇನ್‌ಸ್ಟಾಗ್ರಾಮಿನಲ್ಲಿ ಖಾಸಗಿ ಖಾತೆಯಿಂದ ರೀಲು ಹಾಕುವವನಿಗೆ ಸಿನಿಮಾ ಹಾಡುಗಳ ದೊಡ್ಡ ಭಂಡಾರವೇ ತೆರೆದಿರುತ್ತದೆ. ಆತನು ಅದೇ ಖಾತೆಯನ್ನು ಬಿಸಿನೆಸ್ ಖಾತೆಯನ್ನಾಗಿ ಬದಲಿಸಿದ ದಿನ ಆ ಹಾಡುಗಳಲ್ಲಿ ಬಹುಭಾಗ ಕಾಣದಂತಾಗುತ್ತವೆ. ಇದನ್ನು ಆ್ಯಪಿನ ದೋಷವೆಂದು ಹಲವರು ತಿಳಿಯುತ್ತಾರೆ. ವಸ್ತುತಃ ಮೆಟಾ ಕಂಪನಿಯು ಸಂಗೀತದ ಹಕ್ಕುದಾರರಿಂದ ಪಡೆದಿರುವ ಒಪ್ಪಿಗೆ ಜನರ ಖಾಸಗಿ ಬಳಕೆಗೆ ಸಂಬಂಧಿಸಿದ್ದು. ವಾಣಿಜ್ಯ ಉದ್ದೇಶಕ್ಕೆ ಬಳಸುವವನು ತಾನೇ ಲೈಸೆನ್ಸು ಪಡೆದಿರಬೇಕೆಂದು ಅದರ ಸಂಗೀತ ನಿಯಮಗಳು ಹೇಳುತ್ತವೆ. ಹಾಡು ಮಾಯವಾದುದನ್ನು ಕಂಡ ವರ್ತಕನು ಬೇರೆಡೆಯಿಂದ ಎಂಪಿ3 ಇಳಿಸಿ, ಎಡಿಟಿಂಗ್ ಆ್ಯಪಿನಲ್ಲಿ ಅದನ್ನು ವಿಡಿಯೋದೊಳಗೆ ಬೆಸೆದು ಮೇಲೇರಿಸಿದನೆಂದರೆ, ಅಥವಾ ಅಂಗಡಿಯ ರೀಲನ್ನು ತನ್ನ ಖಾಸಗಿ ಖಾತೆಯಿಂದಲೇ ಹೊರಬಿಟ್ಟನೆಂದರೆ, ಉದ್ದೇಶವು ವ್ಯಾಪಾರವೇ ಆಗಿರುವುದರಿಂದ ಅತಿಕ್ರಮವೂ ಉಳಿದೇ ಉಳಿಯುತ್ತದೆ.

ಇಲ್ಲಿ ಒಂದು ಪ್ರಬಲವಾದ ಭ್ರಾಂತಿಯನ್ನು ನಿವಾರಿಸಬೇಕು. ಹದಿನೈದು ಸೆಕೆಂಡು, ಮೂವತ್ತು ಸೆಕೆಂಡು ಬಳಸಿದರೆ ಅಡ್ಡಿಯಿಲ್ಲವೆಂಬ ನಿಯಮ ಅಧಿನಿಯಮದಲ್ಲಿ ಎಲ್ಲಿಯೂ ಇಲ್ಲ. 52ನೆಯ ಕಲಮು ಖಾಸಗಿ ಉಪಯೋಗ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಮೊದಲಾದವುಗಳಿಗೆ ನ್ಯಾಯೋಚಿತ ಬಳಕೆಯೆಂಬ ರಿಯಾಯಿತಿಯನ್ನು ಕೊಟ್ಟಿದೆ; ಮದುವೆಯ ಮೆರವಣಿಗೆಯಲ್ಲಿ ನುಡಿಸುವ ಹಾಡಿಗೂ ಅದರಲ್ಲಿ ವಿನಾಯಿತಿಯುಂಟು. ಜಾಹೀರಾತಿಗೆ ಇಲ್ಲ. ‘ಕೃಪೆ: ಮೂಲ ಹಕ್ಕುದಾರರು’ ಎಂದು ಕೆಳಗೆ ಬರೆಯುವುದರಿಂದ ಸೌಜನ್ಯ ಪ್ರಕಟವಾಗಬಹುದು, ಅನುಮತಿ ಪ್ರಾಪ್ತವಾಗದು.

ಇದರ ಗಾಂಭೀರ್ಯಕ್ಕೆ ಕರ್ನಾಟಕದಲ್ಲಿಯೇ ಪ್ರಸಿದ್ಧವಾದ ನಿದರ್ಶನವೊಂದಿದೆ. 2022ರ ನವೆಂಬರಿನಲ್ಲಿ ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆಯು, ‘ಕೆ.ಜಿ.ಎಫ್. ಚಾಪ್ಟರ್ 2’ ಚಿತ್ರದ ತನ್ನ ಹಕ್ಕಿನ ಸಂಗೀತವನ್ನು ಭಾರತ ಜೋಡೋ ಯಾತ್ರೆಯ ಪ್ರಚಾರದ ವಿಡಿಯೋದಲ್ಲಿ ಅನುಮತಿಯಿಲ್ಲದೆ ಬಳಸಲಾಗಿದೆಯೆಂದು ದಾವೆ ಹೂಡಿತು. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯುವಂತೆ ತಾತ್ಕಾಲಿಕವಾಗಿ ಆದೇಶಿಸಿತು. ಮರುದಿನವೇ ಉಚ್ಚ ನ್ಯಾಯಾಲಯವು, ಆಕ್ಷೇಪಿತ ತುಣುಕನ್ನು ತೆಗೆದುಹಾಕುವ ಷರತ್ತಿನ ಮೇಲೆ, ಆ ಆದೇಶವನ್ನು ರದ್ದುಪಡಿಸಿತು. ವಿವಾದಿತ ವಿಡಿಯೋ 45 ಸೆಕೆಂಡುಗಳ ತುಣುಕು ಮಾತ್ರವೆಂಬ ವಾದವೂ ಆಗ ಕೇಳಿಬಂದಿತ್ತು. ಅದೇ ವಿಷಯದ ಎಫ್.ಐ.ಆರ್. ರದ್ದುಪಡಿಸಲು ಉಚ್ಚ ನ್ಯಾಯಾಲಯವು 2023ರ ಜೂನಿನಲ್ಲಿ ಒಪ್ಪಲಿಲ್ಲ. ಸಮರ್ಥ ವಕೀಲರನ್ನು ಹೊಂದಿದ ರಾಷ್ಟ್ರೀಯ ಪಕ್ಷಕ್ಕೆ ಒಂದು ದಿನದಲ್ಲಿ ದೊರೆತ ಪರಿಹಾರ ಒಂದೂರಿನ ಅಂಗಡಿಗೆ ಅಷ್ಟು ಬೇಗ ದೊರೆಯಲಾರದು. ಹಕ್ಕುದಾರನು ತಾನು ವ್ಯವಹಾರ ನಡೆಸುವ ಊರಿನಲ್ಲಿಯೇ ದಾವೆ ಹೂಡಲು 62ನೆಯ ಕಲಮು ಅವಕಾಶ ಕೊಟ್ಟಿರುವುದರಿಂದ ತಿಕೋಟಾದವನು ಬೆಂಗಳೂರಿಗೋ ಮುಂಬಯಿಗೋ ಅಲೆಯಬೇಕಾದೀತು. ತಿಳಿದೂ ಮಾಡಿದ ಅತಿಕ್ರಮಕ್ಕೆ 63ನೆಯ ಕಲಮು ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 50 ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ. ಇದು ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ನಿರ್ಣಯಿಸಿತು.

ಹಾಗಾದರೆ ಹಾಡೇ ಕೂಡದೇ? ಕೂಡುತ್ತದೆ, ಆದರೆ ದಾರಿಗಳು ಬೇರೆ. ಮೆಟಾದವರ Sound Collection ಎಂಬ ಸಂಗ್ರಹದಲ್ಲಿರುವ ಸಂಗೀತವನ್ನು ವ್ಯಾಪಾರದ ರೀಲಿಗೂ ಬಳಸಬಹುದು. ಆದರೆ ಅದು ಫೇಸ್‌ಬುಕ್ ಇನ್‌ಸ್ಟಾಗ್ರಾಮುಗಳ ಮಟ್ಟಿಗೆ ಮಾತ್ರ, ಅದೇ ವಿಡಿಯೋವನ್ನು ಯೂಟ್ಯೂಬಿಗೆ ಹಾಕುವುದಾದರೆ ಅಲ್ಲಿನ Audio Libraryಯಿಂದ ಬೇರೆ ಸಂಗೀತವನ್ನು ಆರಿಸಿಕೊಳ್ಳಬೇಕು. ಸಿನಿಮಾ ಹಾಡೇ ಬೇಕೆಂಬುವನು ಧ್ವನಿಮುದ್ರಣದ ಕಂಪನಿಯಿಂದ ಜಾಹೀರಾತಿನ ಬಳಕೆಗೆಂದೇ ಲಿಖಿತ ಲೈಸೆನ್ಸು ಪಡೆಯತಕ್ಕದ್ದು. ಅಂಗಡಿಯಲ್ಲಿ ಹಾಡು ನುಡಿಸಲು ಪಡೆದ ಪರವಾನಗಿ ಇದಕ್ಕೆ ಸಾಲದು. ಮೂರನೆಯ ದಾರಿ ಈ ನಾಡಿಗೆ ಸಹಜವಾದುದು: ಮುಕ್ತವಾಗಿರುವ ತ್ರಿಪದಿಯನ್ನೋ ಜನಪದ ಸಾಲನ್ನೋ ಆರಿಸಿ, ಊರಿನ ಗಾಯಕರೊಬ್ಬರಿಂದ ಹೊಸ ಧಾಟಿಯಲ್ಲಿ ಹಾಡಿಸಿ, ತಾನೇ ಮುದ್ರಿಸಿಕೊಳ್ಳುವುದು. ಹಾಗೆ ಮಾಡುವಾಗ ಧಾಟಿ ಕೂಡಿಸಿದವರಿಂದಲೂ ಹಾಡಿದವರಿಂದಲೂ ಒಂದು ಪುಟದ ಒಪ್ಪಂದಕ್ಕೆ ರುಜು ಪಡೆದು, ಸಂಭಾವನೆ, ಅವಧಿ, ಬಳಕೆಯ ವ್ಯಾಪ್ತಿಗಳನ್ನು ನಮೂದಿಸಬೇಕು. ಏಕೆಂದರೆ ಅವಧಿಯನ್ನು ಬರೆಯದ ಹಕ್ಕಿನ ವರ್ಗಾವಣೆಯು ಐದು ವರ್ಷಕ್ಕೆ ಮಾತ್ರವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ 19ನೆಯ ಕಲಮು ಭಾವಿಸುತ್ತದೆ.

ಫಾಂಟಿನ ಪ್ರಶ್ನೆಯೂ ಸರಳವಲ್ಲ. ಅಕ್ಷರದ ಆಕೃತಿ ಒಂದು, ಆ ಆಕೃತಿಯನ್ನು ಪರದೆಯ ಮೇಲೆ ಮೂಡಿಸುವ ಕಡತ ಮತ್ತೊಂದು. ಆಕೃತಿಗೆ ಕೃತಿಸ್ವಾಮ್ಯ ಸಲ್ಲದೆಂದು ಹಿಂದಣ ಕಾಪಿರೈಟ್ ಬೋರ್ಡು 2002ರಲ್ಲಿ ಅಭಿಪ್ರಾಯಪಟ್ಟಿತ್ತು. ಆದರೆ ಕಡತವು ಕಂಪ್ಯೂಟರ್ ಪ್ರೋಗ್ರಾಮಿನ ಸ್ವರೂಪದ್ದಾದ್ದರಿಂದ ಅಧಿನಿಯಮದಲ್ಲಿ ಸಾಹಿತ್ಯಕೃತಿಯಂತೆ ರಕ್ಷಣೆ ಪಡೆಯಬಲ್ಲದು. ತತ್ಫಲವಾಗಿ ಮುದ್ರಿತ ಪೋಸ್ಟರಿನಲ್ಲಿ ಕಾಣುವ ಅಕ್ಷರಗಳಿಗಿಂತಲೂ, ಅವುಗಳನ್ನು ಮೂಡಿಸಿದ ಕಡತವು ಕಂಪ್ಯೂಟರಿಗೆ ಹೇಗೆ ಬಂದಿತೆಂಬುದೇ ಮುಖ್ಯವಾಗುತ್ತದೆ. ಪುಣೆಯ ಮಾಡ್ಯುಲರ್ ಇನ್ಫೊಟೆಕ್ಕಿನ ಶ್ರೀಲಿಪಿಯು ಹಣ ಕೊಟ್ಟು ಲೈಸೆನ್ಸು ಪಡೆಯಬೇಕಾದ ತಂತ್ರಾಂಶ. ಡಿ.ಟಿ.ಪಿ. ಅಂಗಡಿಯೊಂದು ಅದನ್ನು ಕ್ರಮವಾಗಿ ಕೊಂಡಿದ್ದರೆ, ಅಲ್ಲಿ ಸಿದ್ಧವಾದ ಪೋಸ್ಟರನ್ನು ಜೆಪೆಗ್ ಚಿತ್ರವಾಗಿ ಪಡೆಯುವ ವರ್ತಕನಿಗೆ ತೊಂದರೆಯಿಲ್ಲ. ಆದರೆ ‘ಆ ಫಾಂಟು ಚೆನ್ನಾಗಿದೆ, ವಾಟ್ಸಾಪಿನಲ್ಲಿ ಕಳಿಸು’ ಎಂದು ಕಡತವನ್ನೇ ತರಿಸಿಕೊಂಡು ತನ್ನ ಲ್ಯಾಪ್‌ಟಾಪಿನಲ್ಲಿ ಸ್ಥಾಪಿಸಿಕೊಂಡನೆಂದರೆ, ಕಳುಹಿಸಿದವನೂ ಪಡೆದವನೂ ಕೂಡಿಯೇ ಹೊಣೆಗೀಡಾಗುತ್ತಾರೆ. ಪ್ರೋಗ್ರಾಮಿನ ಕಳ್ಳಪ್ರತಿಯನ್ನು ತಿಳಿದೂ ಬಳಸುವುದಕ್ಕೆ 63ಬಿ ಎಂಬ ಪ್ರತ್ಯೇಕ ಕಲಮೇ ಇದೆ.

ಸುದೈವದಿಂದ ಕನ್ನಡದಲ್ಲಿ ಈ ಸಂಕಟಕ್ಕೆ ಈಗ ಕಾರಣವಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತವಾಗಿ ದೊರೆಯುತ್ತದೆ. ಗೂಗಲ್ ಫಾಂಟ್ಸಿನಲ್ಲಿರುವ Noto Sans Kannada, Anek Kannada, Baloo Tamma 2, Hubballi ಮೊದಲಾದವು SIL Open Font License ಎಂಬ ಮುಕ್ತ ಲೈಸೆನ್ಸಿಗೆ ಒಳಪಟ್ಟಿವೆ. ಆ ಲೈಸೆನ್ಸಿನಂತೆ ಪೋಸ್ಟರು, ಬೋರ್ಡು, ಲೋಗೊ, ಬಾಕ್ಸಿನ ಲೇಬಲ್ಲುಗಳಲ್ಲಿ ಅವನ್ನು ವ್ಯಾಪಾರಕ್ಕೆ ಬಳಸಬಹುದು. ಪೋಸ್ಟರಿನಲ್ಲಿ ವಿನ್ಯಾಸಕಾರನ ಹೆಸರನ್ನು ಹಾಕಬೇಕೆಂಬ ನಿರ್ಬಂಧವೂ ಇಲ್ಲ. ನಿಷೇಧವಿರುವುದು ಮುಖ್ಯವಾಗಿ ಫಾಂಟಿನ ಕಡತವನ್ನೇ ಬಿಡಿಯಾಗಿ ಮಾರುವುದಕ್ಕೆ. ಇಳಿಸಿಕೊಂಡ ಜಿಪ್ ಕಡತದೊಳಗೆ OFL.txt ಎಂಬ ಪುಟವಿರುತ್ತದೆ. ಅದು ಇದ್ದರೆ ನಿಶ್ಚಿಂತೆ. ತದ್ವಿರುದ್ಧವಾಗಿ, ಅಂಗಡಿಯ ಇಂಗ್ಲಿಷ್ ಹೆಸರಿಗೆಂದು ಅಲಂಕಾರದ ಫಾಂಟನ್ನು ಹುಡುಕುವಾಗ Free for personal use ಎಂದು ಬರೆದಿದ್ದರೆ, ಉಚಿತವೆಂಬ ಮೊದಲ ಪದವನ್ನಷ್ಟೇ ಓದಿ ನಿಲ್ಲಬಾರದು.

ಚಿತ್ರಗಳಿಗೆ ಬರೋಣ. ಗೂಗಲ್ಲಿನಲ್ಲಿ ‘ದ್ರಾಕ್ಷಿ ತೋಟ’ವೆಂದು ಹುಡುಕಿದಾಗ ಬರುವ ಚಿತ್ರಗಳು ಗೂಗಲ್ಲಿನವಲ್ಲ, ಪ್ರತಿಯೊಂದಕ್ಕೂ ಒಬ್ಬ ಕರ್ತೃವಿದ್ದಾನೆ. Tools ಎಂಬಲ್ಲಿ Usage Rights ಆರಿಸಿದರೆ ಲೈಸೆನ್ಸು ನಮೂದಾಗಿರುವ ಚಿತ್ರಗಳು ಪ್ರತ್ಯೇಕವಾಗುತ್ತವೆಯಾದರೂ, ಮೂಲ ಪುಟಕ್ಕೆ ಹೋಗಿ ಅಲ್ಲಿನ ಷರತ್ತನ್ನೇ ಓದಬೇಕು. ಸ್ಟಾಕ್ ಚಿತ್ರಗಳ ಕಂಪನಿಗಳಲ್ಲಿ ರಾಯಲ್ಟಿ ಫ್ರೀ ಎಂಬುದಕ್ಕೆ ಪುಕ್ಕಟೆಯೆಂದು ಅರ್ಥವಲ್ಲ. ಒಮ್ಮೆ ಹಣ ಕೊಟ್ಟವನು ಷರತ್ತಿನೊಳಗೆ ಪುನಃ ಪುನಃ ಬಳಸಬಹುದೆಂದಷ್ಟೇ. Editorial Use Only ಎಂಬ ಗುರುತಿರುವ ಚಿತ್ರವನ್ನು ಹಣ ಕೊಟ್ಟು ಕೊಂಡರೂ ಜಾಹೀರಾತಿಗೆ ಬಳಸುವಂತಿಲ್ಲ. ಅನ್‌ಸ್ಪ್ಲಾಶ್, ಪೆಕ್ಸೆಲ್ಸ್‌ನಂಥ ಉಚಿತ ತಾಣಗಳಲ್ಲಿಯೂ ಗುರುತಿಸಬಹುದಾದ ಮನುಷ್ಯಮುಖವಿರುವ ಚಿತ್ರವನ್ನು, ಆ ವ್ಯಕ್ತಿಯು ನಮ್ಮ ಸರಕನ್ನು ಮೆಚ್ಚಿದಂತೆ ತೋರಿಸುವುದು ಸಲ್ಲದು.

ಗೋಲಗುಮ್ಮಟದ ಉದಾಹರಣೆ ಈ ಭಾಗವನ್ನು ಚೆನ್ನಾಗಿ ತಿಳಿಸುತ್ತದೆ. 1656ರಲ್ಲಿ ಪೂರ್ಣವಾದ ಆ ಕಟ್ಟಡದ ಮೇಲೆ ಯಾರ ಕೃತಿಸ್ವಾಮ್ಯವೂ ಇಲ್ಲ. ಅದರ ಛಾಯಾಚಿತ್ರದ ಮೇಲೆ ಛಾಯಾಗ್ರಾಹಕನದು ಇದೆ. ವಿಕಿಮೀಡಿಯ ಕಾಮನ್ಸಿನಲ್ಲಿರುವ ಗುಮ್ಮಟದ ಚಿತ್ರವೊಂದು CC BY-SA 4.0 ಎಂಬ ಲೈಸೆನ್ಸಿನದಾಗಿದ್ದರೆ ವ್ಯಾಪಾರಕ್ಕೆ ಬಳಸಬಹುದು; ಆದರೆ ಛಾಯಾಗ್ರಾಹಕನ ಹೆಸರು, ಲೈಸೆನ್ಸಿನ ಹೆಸರು ಮತ್ತು ಕೊಂಡಿ, ಮಾಡಿದ ಬದಲಾವಣೆ ಇವನ್ನು ಪೋಸ್ಟಿನಲ್ಲಿ ಹೇಳಬೇಕು. ಚಿತ್ರವನ್ನು ಮಾರ್ಪಡಿಸಿ ಪೋಸ್ಟರು ಮಾಡಿದರೆ ಆ ಮಾರ್ಪಾಡನ್ನು ಅದೇ ಲೈಸೆನ್ಸಿನಡಿ ಬಿಟ್ಟುಕೊಡಬೇಕಾದುದರಿಂದ, ತನ್ನ ಪೋಸ್ಟರನ್ನು ಇತರರು ನಕಲಿಸಬಾರದೆನ್ನುವವನು ಈ ಬಗೆಯ ಚಿತ್ರವನ್ನು ಆರಿಸದಿರುವುದೇ ಮೇಲು. ಹೆಸರು ಬಿಟ್ಟುಹೋಗಿದ್ದರೆ, ಲೋಪ ತಿಳಿದ 30 ದಿನಗಳೊಳಗೆ ಸರಿಪಡಿಸಿದವನಿಗೆ ಹಕ್ಕು ತಾನಾಗಿಯೇ ಮರಳುವುದೆಂಬ ಉದಾರತೆಯೂ ಆ ಲೈಸೆನ್ಸಿನಲ್ಲಿದೆ. ಹಬ್ಬದ ಲಕ್ಷ್ಮಿಯ ಚಿತ್ರಕ್ಕೂ ಇದೇ ವಿವೇಕ ಬೇಕು: 1906ರಲ್ಲಿ ಗತಿಸಿದ ರಾಜಾ ರವಿವರ್ಮನ ಲಕ್ಷ್ಮಿ ಎಲ್ಲರವಳು, ಇಂದಿನ ಕಲಾವಿದನೊಬ್ಬನು ಬರೆದ ಲಕ್ಷ್ಮಿ ಹಾಗಲ್ಲ.

ಎಲ್ಲಕ್ಕಿಂತ ಸುಭದ್ರವಾದುದು ಸ್ವಂತ ಚಿತ್ರ. ವಿಜಯಪುರದ ಛಾಯಾಗ್ರಾಹಕನನ್ನು ಹಣ ಕೊಟ್ಟು ಕರೆಸಿ ತಿಕೋಟಾದ ತನ್ನ ಶೆಡ್ಡಿನ ಚಿತ್ರ ತೆಗೆಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದರ ಪ್ರಥಮ ಸ್ವಾಮ್ಯ ತೆಗೆಸಿದವನಿಗೇ ಸೇರುತ್ತದೆಂದು 17ನೆಯ ಕಲಮು ಹೇಳಿದೆ. ವಿಡಿಯೋಗೂ ಅದೇ ನಿಯಮ. ಆದರೆ ಆ ಕಲಮಿನ ಪಟ್ಟಿಯಲ್ಲಿ ಪೋಸ್ಟರಿನ ವಿನ್ಯಾಸವಾಗಲಿ ಜಾಹೀರಾತಿನ ಬರಹವಾಗಲಿ ಇಲ್ಲವಾದುದರಿಂದ, ಬಿಡಿಯಾಗಿ ಕೆಲಸ ಮಾಡಿಕೊಡುವ ಡಿಸೈನರಿನಿಂದ ಲೋಗೊ ಮಾಡಿಸಿದವನು ಬಿಲ್ಲು ಪಾವತಿಸಿದ ಮಾತ್ರಕ್ಕೆ ಅದರ ಒಡೆಯನಾಗುವುದಿಲ್ಲ. ಅವಧಿ ನಮೂದಿಸಿದ ವರ್ಗಾವಣೆ ಪತ್ರ ಅಲ್ಲಿ ಅಗತ್ಯ. ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳ ಮುಖ ಚಿತ್ರದಲ್ಲಿ ಕಾಣುವುದಾದರೆ ಅವರ ಸಮ್ಮತಿಯನ್ನೂ ಕೇಳಿ ಬರೆಸಿಟ್ಟುಕೊಳ್ಳಬೇಕು.

ಇಷ್ಟೆಲ್ಲದರ ಮೇಲೂ ಒಂದು ದಿನ ಆಕ್ಷೇಪ ಬಂದೀತು. ವಿಡಿಯೋದ ಧ್ವನಿ ಅಡಗುವುದು, ಪೋಸ್ಟು ಮಾಯವಾಗುವುದು ಮೊದಲ ಚಿಹ್ನೆ. ವಕೀಲರ ನೋಟೀಸು ಮುಂದಿನದು. ನೋಟೀಸು ಬಂದಾಗ ಪೋಸ್ಟನ್ನು ಕೂಡಲೇ ತೆಗೆದು, ಹಕ್ಕಿನ ಆಧಾರವನ್ನು ತೋರಿಸುವಂತೆ ಲಿಖಿತವಾಗಿ ಕೇಳಿ, ಅದನ್ನು ಕಂಡ ಬಳಿಕವೇ ಹಣದ ಮಾತಾಡಬೇಕು. ಆಧಾರವಿಲ್ಲದ ಬೆದರಿಕೆಯ ವಿರುದ್ಧ 60ನೆಯ ಕಲಮಿನಂತೆ ತಾನೇ ನ್ಯಾಯಾಲಯಕ್ಕೆ ಹೋಗಬಹುದು. ‘ನಿಮ್ಮ ಪೇಜು ಕೃತಿಸ್ವಾಮ್ಯ ಉಲ್ಲಂಘಿಸಿದೆ, ಈ ಕೊಂಡಿ ಒತ್ತಿ ಪಾಸ್‌ವರ್ಡ್ ಕೊಡಿ’ ಎಂಬ ಸಂದೇಶ ಮಾತ್ರ ಹಕ್ಕುದಾರನದಲ್ಲ, ವಂಚಕನದು. ನಿಜವಾದ ಆಕ್ಷೇಪ ಆ್ಯಪಿನೊಳಗಿನ ಖಾತೆಯ ಸ್ಥಿತಿಯಲ್ಲಿಯೇ ಕಾಣಿಸುತ್ತದೆ.

ಈಗ ತಿಕೋಟಾದ ಆ ರೀಲನ್ನು ಮತ್ತೆ ಕಟ್ಟಿದರೆ ಹೀಗಾಗುತ್ತದೆ: ತನ್ನ ಶೆಡ್ಡಿನಲ್ಲಿ ತಾನೇ ಮೊಬೈಲಿನಿಂದ ತೆಗೆದ ದೃಶ್ಯ, Baloo Tamma 2ರಲ್ಲಿ ಬರೆದ ಬೆಲೆ, Sound Collectionನ ಸಂಗೀತ, ಬೇಕೆನಿಸಿದರೆ ಮಧುರಚೆನ್ನರ ಮುಕ್ತ ಸಾಲೊಂದು. ಇದಕ್ಕೆ ಲೈಸೆನ್ಸಿನ ಖರ್ಚು ಏನೂ ಇಲ್ಲ. ಆದರೆ ಒಂದು ಕೆಲಸ ಉಳಿಯುತ್ತದೆ. ಷರತ್ತುಗಳು ಬದಲಾಗುವಂಥವು, ಅನ್‌ಸ್ಪ್ಲಾಶ್ ತಾಣವೇ 2017ರಲ್ಲಿ ತನ್ನ ಲೈಸೆನ್ಸನ್ನು ಬದಲಿಸಿತು. ಆದುದರಿಂದ ಪ್ರತಿಯೊಂದನ್ನೂ ಇಳಿಸಿಕೊಂಡ ದಿನಾಂಕ, ಮೂಲ ಪುಟದ ವಿಳಾಸ, ಅಂದಿನ ಷರತ್ತಿನ ಸ್ಕ್ರೀನ್‌ಶಾಟ್, ಹಣ ಕೊಟ್ಟಿದ್ದರೆ ರಸೀದಿ ಇವನ್ನು ಪೋಸ್ಟಿಗೊಂದರಂತೆ ಫೋಲ್ಡರು ಮಾಡಿ ಇಡತಕ್ಕದ್ದು. ಮೂರು ವರ್ಷಗಳ ಬಳಿಕ ನೋಟೀಸು ಬಂದಾಗ ವಕೀಲರು ಮೊದಲು ಕೇಳುವುದು ಆ ಫೋಲ್ಡರನ್ನೇ.